ಮಾದರಿಯಲ್ಲಿ ಪಾಸು, ತೆರೆಮರೆಯಲ್ಲಿ ಫೇಲು

1960ರ ಹೊತ್ತಿಗೆ ಅಮೆರಿಕದ ರೆನ್ಸಲೇರ್ ಪಾಲಿಟೆಕ್ನಿಕ್‌ನ ವಿದ್ಯಾರ್ಥಿಗಳು ಪ್ರೋಗ್ರಾಮನ್ನು ತೂತು ಕೊರೆದ ಕಾರ್ಡುಗಳಲ್ಲಿ ಒಪ್ಪಿಸುತ್ತಿದ್ದರು. ಅವನ್ನು ತಿದ್ದಲು ಜಾಕ್ ಹಾಲಿಂಗ್ಸ್‌ವರ್ತ್ ಇನ್ನೊಂದು ಪ್ರೋಗ್ರಾಮನ್ನೇ ಬರೆದರು. ಅದರ ತೀರ್ಪು ಎರಡೇ ಬಗೆ: `WRONG ANSWER`, ಇಲ್ಲವೇ `PROGRAM COMPLETE`. ಮುಂದೆ ಐಸಿಪಿಸಿ ಎಂದು ಹೆಸರಾದ ಕಾಲೇಜು ಸ್ಪರ್ಧೆಗಳಲ್ಲಿ ತೀರ್ಪುಗಾರರು ಪರೀಕ್ಷೆಯ ದತ್ತಾಂಶವನ್ನು ತಮ್ಮಲ್ಲೇ ಇಟ್ಟುಕೊಂಡರು. ಸ್ಪೇನಿನ ವಯ್ಯಡೊಲಿಡ್ ವಿಶ್ವವಿದ್ಯಾಲಯ 1997ರಲ್ಲಿ ತನ್ನ ಆನ್‌ಲೈನ್ ಜಡ್ಜ್ ಅನ್ನು ಎಲ್ಲರಿಗೂ ತೆರೆಯಿತು. ಇಂದು ಕೆಲಸಕ್ಕೆ ಆರಿಸುವ ಕೋಡಿಂಗ್ ಟೆಸ್ಟ್‌ಗಳಲ್ಲಿರುವುದೂ ಇದೇ ಮುಚ್ಚುಮರೆ.

ಮುಚ್ಚಿಡದಿದ್ದರೆ ಏನಾಗುತ್ತದೆ? ಇನ್‌ಪುಟ್ ಇಂಥದ್ದಾದರೆ ಇಂಥ ಉತ್ತರ ಮುದ್ರಿಸು ಎಂದು ನಾಲ್ಕು ಸಾಲು ಬರೆದು ಯಾರಾದರೂ ಪಾಸಾಗಬಹುದು. ಸ್ಯಾಂಪಲ್ ಕೇಸ್ ಇರುವುದು ಇನ್‌ಪುಟ್ ಯಾವ ರೂಪದಲ್ಲಿ ಬರುತ್ತದೆ, ಪ್ರಶ್ನೆ ಕೇಳುತ್ತಿರುವುದೇನು ಎಂದು ತಿಳಿಸಲು, ಅಷ್ಟೇ.

ಒಂದು ಹಳೆಯ ಲೆಕ್ಕ ನೋಡಿ. ಸಂಖ್ಯೆಗಳ ಸಾಲಿನಲ್ಲಿ ಒಂದಾದರೂ ಸಂಖ್ಯೆಯಿರುವ, ಒತ್ತೊತ್ತಾಗಿರುವ ತುಂಡನ್ನು ಆರಿಸಬೇಕು. ಸಿಗಬಹುದಾದ ಅತಿ ಹೆಚ್ಚಿನ ಮೊತ್ತ ಎಷ್ಟು? ಸ್ಯಾಂಪಲ್: `-2 4 -1 3 -6 2`. ಉತ್ತರ 6, ಅಂದರೆ 4, -1, 3 ಸೇರಿದ ತುಂಡು.

```
int best = 0, cur = 0;
for (int x : a) {
  cur = max(0, cur + x);
  best = max(best, cur);
}
```

ಇದು 6 ಎಂದೇ ಹೇಳುತ್ತದೆ. ಆದರೆ `-8 -3 -5` ಕೊಟ್ಟು ನೋಡಿ. ಬರಬೇಕಾದದ್ದು -3, ಬರುವುದು 0. ಏನನ್ನೂ ಆರಿಸದೆ ಸುಮ್ಮನಿರಬಹುದು ಎಂಬ ಅನುಮತಿಯನ್ನು ಕೋಡ್ ತಾನೇ ಕೊಟ್ಟುಕೊಂಡಿದೆ! `best` ಅನ್ನು ಮೊದಲ ಸಂಖ್ಯೆಯಿಂದ ಶುರುಮಾಡಿ, `cur = max(x, cur + x)` ಎಂದು ಬರೆದರೆ ಸರಿಹೋಗುತ್ತದೆ.

ಎರಡನೆಯ ತಪ್ಪು ಇನ್ನೂ ಮೌನವಾದದ್ದು. ಪ್ರಶ್ನೆಯ ಕೊನೆಯಲ್ಲಿ ಬಹಳ ಮಂದಿ ಓದದೆ ಬಿಡುವ ಮಿತಿಗಳ ಸಾಲೊಂದಿರುತ್ತದೆ: ಸಂಖ್ಯೆಗಳು 2 ಲಕ್ಷದವರೆಗೆ, ಒಂದೊಂದೂ 100 ಕೋಟಿಯವರೆಗೆ. `int` ಹಿಡಿಯುವುದು ಸುಮಾರು 214 ಕೋಟಿಯನ್ನು. ನೂರು ಕೋಟಿಯ ಮೂರೇ ಸಂಖ್ಯೆ ಸೇರಿದರೂ ಅದು ತುಂಬಿ ತುಳುಕಿ, ಮೊತ್ತ ಹೆಚ್ಚಾಗಿ ಋಣಸಂಖ್ಯೆಯಾಗಿ, ತಪ್ಪು ಉತ್ತರ ಹೊರಬೀಳುತ್ತದೆ. ಇಲ್ಲಿ `best`, `cur`, `x` ಮೂರಕ್ಕೂ `long long` ಬೇಕು.

ಪ್ರತಿ ತುಂಡನ್ನೂ ಒಂದೊಂದಾಗಿ ಕೂಡಿ ನೋಡುವವರಿಗೆ ಅದೇ ಸಾಲು ಮತ್ತೊಂದು ಎಚ್ಚರಿಕೆ ಕೊಡುತ್ತದೆ. 2 ಲಕ್ಷ ಸಂಖ್ಯೆಗಳಲ್ಲಿ ತುಂಡುಗಳೇ ಸುಮಾರು 2,000 ಕೋಟಿ. ಒಂದು ಸೆಕೆಂಡಿನ ಗಡುವಿನಲ್ಲಿ ಅದು ಮುಗಿಯುವ ಮಾತಲ್ಲ. ಸ್ಯಾಂಪಲ್‌ನಲ್ಲಿ ಇದ್ದದ್ದು ಆರೇ ಸಂಖ್ಯೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು.

ಹಾಗೆಂದು ಆ ನಿಧಾನದ ಕೋಡನ್ನು ಎಸೆಯಬೇಡಿ. ಪಳಗಿದ ಸ್ಪರ್ಧಿಗಳು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ನಾಲ್ಕೈದು ಪುಟ್ಟ ಸಂಖ್ಯೆಗಳ ಸಾಲುಗಳನ್ನು ಯಾದೃಚ್ಛಿಕವಾಗಿ ಸಾವಿರಗಟ್ಟಲೆ ಹುಟ್ಟಿಸಿ ಎರಡೂ ಕೋಡ್‌ಗಳಿಗೆ ಉಣಿಸುತ್ತಾರೆ. ಉತ್ತರಗಳು ಬೇರೆಯಾದ ಕೂಡಲೇ ನಿಲ್ಲಿಸಿ, ಆ ಸಾಲನ್ನು ಕಾಗದದ ಮೇಲೆ ಕೈಯಲ್ಲೇ ಬಿಡಿಸಿ ನೋಡುತ್ತಾರೆ. `-8 -3 -5` ಮಾದರಿಯ ಸಾಲು ಇದರಲ್ಲಿ ಬೇಗನೇ ಸಿಕ್ಕಿಬೀಳುತ್ತದೆ. ತುಂಬಿ ತುಳುಕುವ ದೊಡ್ಡ ಸಂಖ್ಯೆ ಮಾತ್ರ ಪುಟ್ಟ ಸಾಲುಗಳ ಬಲೆಗೆ ಬೀಳುವುದಿಲ್ಲ; ಅದಕ್ಕೆ ಮಿತಿಯ ತುದಿಯಲ್ಲಿರುವ ಸಾಲೊಂದನ್ನು ಬೇರೆಯಾಗಿಯೇ ಓಡಿಸಬೇಕು.