ಹಳೆಯ ಫ್ಲ್ಯಾಗ್‌ಶಿಪ್ಪೋ, ಹೊಸ ಬಜೆಟ್ ಫೋನೋ? ಗೇಮ್ ಆಡುವವರಿಗೊಂದು ಲೆಕ್ಕ

ಅಣ್ಣ ಬಳಸಿ ಬಿಟ್ಟ ಐದು ವರ್ಷದ ದುಬಾರಿ ಫೋನು ಮನೆಯಲ್ಲಿದೆ. ತಮ್ಮನಿಗೆ ಹೊಸದು ಕೊಡಿಸಲು ಅಪ್ಪ ಹತ್ತು ಹನ್ನೆರಡು ಸಾವಿರ ರೂಪಾಯಿ ತೆಗೆದಿಟ್ಟಿದ್ದಾರೆ. ತಮ್ಮನಿಗೆ ಫೋನ್ ಬೇಕಾಗಿರುವುದು ಮುಖ್ಯವಾಗಿ ಗೇಮ್ ಆಡಲಿಕ್ಕೆ. ಯಾವುದು ಒಳ್ಳೆಯದು? ಅಂಗಡಿಯವರನ್ನು ಕೇಳಿದರೆ ಹೊಸದೇ ಸರಿ ಎನ್ನುತ್ತಾರೆ. ಗೆಳೆಯರನ್ನು ಕೇಳಿದರೆ ಹಳೆಯ ಫ್ಲ್ಯಾಗ್‌ಶಿಪ್ ಮುಂದೆ ಬಜೆಟ್ ಫೋನ್ ಯಾವ ಲೆಕ್ಕ ಎನ್ನುತ್ತಾರೆ. ಎರಡು ಮಾತೂ ಅರ್ಧ ನಿಜ. ಫೋನಿನ ಚಿಪ್‌ಗೆ ವಯಸ್ಸಾಗುವುದಿಲ್ಲ ಎಂದೇ ಹೇಳಬಹುದು, ಆದರೆ ಅದರ ಸುತ್ತ ಇರುವ ಬ್ಯಾಟರಿಗೆ, ಪರದೆಗೆ, ಸಾಫ್ಟ್‌ವೇರ್‌ಗೆ ವಯಸ್ಸಾಗುತ್ತದೆ. ಈ ವ್ಯತ್ಯಾಸ ಹಿಡಿದು ನೋಡಿದರೆ ಉತ್ತರ ಸಿಗುತ್ತದೆ.

ಎರಡು ಫೋನುಗಳನ್ನು ಎದುರುಬದುರು ಇಟ್ಟು ನೋಡೋಣ. ಒಂದು, 2020ರ ಅಕ್ಟೋಬರ್‌ನಲ್ಲಿ ಬಂದ ಒನ್‌ಪ್ಲಸ್ 8ಟಿ. ಆಗ ಭಾರತದಲ್ಲಿ ಅದರ ಆರಂಭಿಕ ಬೆಲೆ 42,999 ರೂಪಾಯಿ. ಒಳಗಿರುವುದು ಸ್ನ್ಯಾಪ್‌ಡ್ರ್ಯಾಗನ್ 865 ಚಿಪ್. ಇನ್ನೊಂದು, 2024ರ ಏಪ್ರಿಲ್‌ನಲ್ಲಿ ಸುಮಾರು ಹತ್ತೂವರೆ ಸಾವಿರಕ್ಕೆ ಬಂದ ರಿಯಲ್‌ಮಿ ಸಿ65 5ಜಿ. ಅದರಲ್ಲಿರುವುದು ಡೈಮೆನ್ಸಿಟಿ 6300. ಈ ಚಿಪ್ ಅಂದಿನಿಂದ ಹಲವು ಕಂಪನಿಗಳ ಅಗ್ಗದ 5ಜಿ ಫೋನುಗಳಲ್ಲಿ ಕಾಣಿಸಿಕೊಂಡಿದೆ. ಹಾಗಾಗಿ ಇದನ್ನು ಒಂದು ಮಾಡೆಲ್ ಎನ್ನುವುದಕ್ಕಿಂತ ಇಡೀ ಒಂದು ದರ್ಜೆಯ ಪ್ರತಿನಿಧಿ ಎಂದು ನೋಡಬಹುದು.

ಮೊದಲ ಅಚ್ಚರಿ ಇಲ್ಲೇ ಇದೆ. ಡೈಮೆನ್ಸಿಟಿ 6300 ಹೆಸರಿಗೆ 2024ರದು. ಆದರೆ ಅದರ ಎರಡು ದೊಡ್ಡ ಕೋರ್‌ಗಳು ಕಾರ್ಟೆಕ್ಸ್-ಎ76. ಆರ್ಮ್ ಕಂಪನಿ ಈ ವಿನ್ಯಾಸವನ್ನು ಪ್ರಕಟಿಸಿದ್ದು 2018ರಲ್ಲಿ. ಉಳಿದ ಆರು ಕೋರ್‌ಗಳು ಕಡಿಮೆ ಶಕ್ತಿಯ ಎ55. ಎರಡು ದೊಡ್ಡ ಕೋರ್, ಆರು ಚಿಕ್ಕ ಕೋರ್, ಜೊತೆಗೊಂದು ಸಣ್ಣ ಮಾಲಿ ಗ್ರಾಫಿಕ್ಸ್ ಘಟಕ ಎಂಬ ಇದೇ ಜೋಡಣೆ 2020ರ ಡೈಮೆನ್ಸಿಟಿ 700ರಲ್ಲೂ ಇತ್ತು. ವೇಗವನ್ನು ಸ್ವಲ್ಪ ಏರಿಸಿ, ಹೆಸರು ಬದಲಿಸಿ ಅದೇ ಮನೆತನದ ಚಿಪ್‌ಗಳು ವರ್ಷ ವರ್ಷ ಬರುತ್ತಿವೆ. ಅತ್ತ ಸ್ನ್ಯಾಪ್‌ಡ್ರ್ಯಾಗನ್ 865ರಲ್ಲಿ ಇರುವುದು 2019ರ ವಿನ್ಯಾಸವಾದ ಕಾರ್ಟೆಕ್ಸ್-ಎ77, ಅದೂ ಎರಡಲ್ಲ, ನಾಲ್ಕು. ಅಂದರೆ ಕೋರ್ ವಿನ್ಯಾಸದ ಮಟ್ಟಿಗೆ ಹೊಸ ಫೋನೇ ಹಳೆಯದು. ಡಬ್ಬಿಯ ಮೇಲಿನ ವರ್ಷ ನೋಡಿ ಕೊಳ್ಳುವವರಿಗೆ ಈ ಸಂಗತಿ ಗೊತ್ತಾಗುವುದೇ ಇಲ್ಲ.

ಗೇಮ್ ವಿಷಯದಲ್ಲಿ ಕೋರ್‌ಗಿಂತ ಹೆಚ್ಚಾಗಿ ಲೆಕ್ಕಕ್ಕೆ ಬರುವುದು ಗ್ರಾಫಿಕ್ಸ್ ಘಟಕ, ಅಂದರೆ ಜಿಪಿಯು. ಗೇಮ್ ನುಣುಪಾಗಿ ಓಡಬೇಕಾದರೆ ಸೆಕೆಂಡಿಗೆ 60 ಚಿತ್ರ, ಅಂದರೆ 60 ಫ್ರೇಮ್, ಪರದೆಗೆ ಬರಬೇಕು. ಒಂದೊಂದು ಫ್ರೇಮ್ ಬರೆಯಲು ಜಿಪಿಯುಗೆ ಸಿಗುವ ಕಾಲ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಹುಲ್ಲು, ನೆರಳು, ನೀರಿನ ಹೊಳಪು, ಸಿಡಿದ ಬಾಂಬಿನ ಹೊಗೆ ಎಲ್ಲವನ್ನೂ ಬಿಡಿಸಿ ಮುಗಿಸಬೇಕು. ಮುಗಿಯದಿದ್ದರೆ ಹಿಂದಿನ ಚಿತ್ರವೇ ಪರದೆಯ ಮೇಲೆ ನಿಂತಿರುತ್ತದೆ. ಆಡುವವರು ‘ಫ್ರೇಮ್ ಡ್ರಾಪ್’ ಎನ್ನುವುದು ಇದನ್ನೇ. ಚಿತ್ರಕ್ಕೆ ಬೇಕಾದ ಸಾಮಗ್ರಿಯೆಲ್ಲ ರ್‍ಯಾಮ್‌ನಿಂದ ಹರಿದು ಬರಬೇಕು. ಒನ್‌ಪ್ಲಸ್ 8ಟಿ ಮತ್ತು ಈ ಬಜೆಟ್ ಫೋನ್ ಎರಡರಲ್ಲೂ ಇರುವುದು ಒಂದೇ ಬಗೆಯ ಎಲ್‌ಪಿಡಿಡಿಆರ್4ಎಕ್ಸ್ ರ್‍ಯಾಮ್. ಆದರೆ ಹಳೆಯದರಲ್ಲಿ ಅದು ಹರಿಯುವ ದಾರಿ ಇಮ್ಮಡಿ ಅಗಲ. ಒಂದರಲ್ಲಿ ಸೆಕೆಂಡಿಗೆ ಸುಮಾರು 34 ಜಿಬಿ ಸಾಗಿದರೆ ಇನ್ನೊಂದರಲ್ಲಿ ಸುಮಾರು 17 ಜಿಬಿ. ಜಾಹೀರಾತಿನಲ್ಲಿ ಹೇಳುವ ‘ವರ್ಚುವಲ್ ರ್‍ಯಾಮ್’ ಈ ದಾರಿಯನ್ನು ಅಗಲ ಮಾಡುವುದಿಲ್ಲ. ಅದು ಸ್ಟೋರೇಜ್‌ನ ಒಂದು ಭಾಗವನ್ನು ರ್‍ಯಾಮ್‌ನ ಬದಲಿಗೆ ಬಳಸುವ ವ್ಯವಸ್ಥೆ, ಸ್ಟೋರೇಜ್ ರ್‍ಯಾಮ್‌ಗಿಂತ ಬಹಳ ನಿಧಾನ.

ಇದನ್ನು ಅಳೆಯಲು 3DMark ಎಂಬ ಉಚಿತ ಆ್ಯಪ್ ಇದೆ. ಅದರ Wild Life ಪರೀಕ್ಷೆ ಎಲ್ಲ ಫೋನುಗಳಿಗೂ 2560×1440 ಅಳತೆಯ ಒಂದೇ ದೃಶ್ಯವನ್ನು ಬಿಡಿಸಲು ಕೊಡುತ್ತದೆ. ಆದ್ದರಿಂದ ಕಡಿಮೆ ರೆಸಲ್ಯೂಷನ್ ಪರದೆಯ ಫೋನಿಗೆ ಸುಲಭದ ಲಾಭ ಸಿಗುವುದಿಲ್ಲ. ಬಂದ ಅಂಕವನ್ನು 167ರಿಂದ ಭಾಗಿಸಿದರೆ ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ ಎಂಬುದು ಸಿಗುತ್ತದೆ. 865 ಫೋನುಗಳು ಇದರಲ್ಲಿ 4,000ದ ಆಸುಪಾಸು ಅಂಕ ಪಡೆಯುತ್ತವೆ, ಅಂದರೆ ಸುಮಾರು 24 ಫ್ರೇಮ್. ಡೈಮೆನ್ಸಿಟಿ 6300 ಫೋನುಗಳಿಗೆ ಸಿಗುವುದು 1,300–1,400, ಅಂದರೆ ಎಂಟು ಫ್ರೇಮ್. ಸರಿಸುಮಾರು ಮೂರು ಪಟ್ಟು ಅಂತರ. ಗೆನ್ಶಿನ್ ಇಂಪ್ಯಾಕ್ಟ್‌ನಂಥ ಭಾರದ ಗೇಮ್‌ನಲ್ಲಿ ಈ ಅಂತರ ಕಣ್ಣಿಗೆ ರಾಚುತ್ತದೆ. ಬಜೆಟ್ ಫೋನ್ ಕನಿಷ್ಠ ಸೆಟ್ಟಿಂಗ್‌ನಲ್ಲೂ 30 ಫ್ರೇಮ್ ಹಿಡಿದಿಟ್ಟುಕೊಳ್ಳಲು ಒದ್ದಾಡುತ್ತದೆ. ಪರದೆ 120 ಹರ್ಟ್ಸ್‌ನದು ಎಂಬುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪರದೆ ಸೆಕೆಂಡಿಗೆ 120 ಸಲ ಹೊಸ ಚಿತ್ರ ತೋರಿಸಬಲ್ಲದು, ಆದರೆ ಜಿಪಿಯು ಅಷ್ಟು ಚಿತ್ರ ಕೊಟ್ಟರೆ ತಾನೇ?

ಬಿಜಿಎಂಐ ಮಾತು ಬೇರೆ. ‘ಸ್ಮೂತ್’ ಗ್ರಾಫಿಕ್ಸ್ ಇಟ್ಟರೆ ಅದು ಹಗುರವಾದ ಗೇಮ್, ಬಜೆಟ್ ಫೋನ್ ಕೂಡ ಸುಧಾರಿಸಿಕೊಂಡು ಹೋಗುತ್ತದೆ. ಅಲ್ಲಿ ‘ಅಲ್ಟ್ರಾ’ ಎಂದರೆ 40 ಫ್ರೇಮ್, ‘ಎಕ್ಸ್‌ಟ್ರೀಮ್’ ಎಂದರೆ 60. ಯಾವ ಮಾಡೆಲ್‌ಗೆ ಯಾವ ಆಯ್ಕೆ ತೋರಿಸಬೇಕು ಎಂಬುದನ್ನು ಗೇಮ್ ತಯಾರಕರೇ ನಿರ್ಧರಿಸುತ್ತಾರೆ. ಫೋನಿಗೆ ತಾಕತ್ತಿದ್ದರೂ ಆಯ್ಕೆ ಕಾಣಿಸದೇ ಇರಬಹುದು. ಆದ್ದರಿಂದ ಬಿಜಿಎಂಐ ಒಂದನ್ನೇ ಆಡುವವರು ಅದೇ ಮಾಡೆಲ್ ಇರುವವರ ಸೆಟ್ಟಿಂಗ್ಸ್ ಪುಟವನ್ನು ಒಮ್ಮೆ ನೋಡಿ ತೀರ್ಮಾನಿಸುವುದು ಒಳ್ಳೆಯದು.

ಇಲ್ಲಿಯವರೆಗೆ ಹಳೆಯ ಫ್ಲ್ಯಾಗ್‌ಶಿಪ್‌ನದೇ ಮೇಲುಗೈ. ಆದರೆ ಇದೆಲ್ಲ ಮೊದಲ ಐದು ನಿಮಿಷದ ಮಾತು. ಗೇಮ್ ಆಡುವವರು ಐದು ನಿಮಿಷಕ್ಕೆ ಎದ್ದು ಹೋಗುವುದಿಲ್ಲ. ಫೋನಿನಲ್ಲಿ ಫ್ಯಾನ್ ಇರುವುದಿಲ್ಲ, ಒಳಗೆ ಹುಟ್ಟಿದ ಬಿಸಿ ಹಿಂಬದಿ ಮತ್ತು ಅಂಚುಗಳ ಮೂಲಕವೇ ಹೊರಗೆ ಹೋಗಬೇಕು. ಹೋಗುವುದಕ್ಕಿಂತ ಹುಟ್ಟುವುದು ಹೆಚ್ಚಾದಾಗ ಫೋನ್ ತಾನಾಗಿಯೇ ಚಿಪ್‌ನ ವೇಗ ತಗ್ಗಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ, ಇಪ್ಪತ್ತನೇ ನಿಮಿಷದಲ್ಲಿ ಫೋನ್ ಹೇಗಿರುತ್ತದೆ ಎಂಬುದು.

ಇಲ್ಲಿ ಎಲ್ಲ ಹಳೆಯ ಫ್ಲ್ಯಾಗ್‌ಶಿಪ್‌ಗಳೂ ಒಂದೇ ಅಲ್ಲ. ಸ್ನ್ಯಾಪ್‌ಡ್ರ್ಯಾಗನ್ 865 ತಯಾರಾದದ್ದು ತೈವಾನ್‌ನ ಟಿಎಸ್‌ಎಂಸಿ ಕಾರ್ಖಾನೆಯ 7 ನ್ಯಾನೋಮೀಟರ್ ವಿಧಾನದಲ್ಲಿ. ಅದು ತಣ್ಣಗಿನ ಚಿಪ್ ಎಂದೇ ಹೆಸರು ಮಾಡಿತು. ಮರುವರ್ಷದ ಸ್ನ್ಯಾಪ್‌ಡ್ರ್ಯಾಗನ್ 888 ತಯಾರಾದದ್ದು ಸ್ಯಾಮ್‌ಸಂಗ್‌ನ 5 ನ್ಯಾನೋಮೀಟರ್ ವಿಧಾನದಲ್ಲಿ. ಅದರ ವೇಗ ಹೆಚ್ಚು, ಬಿಸಿಯೂ ಹೆಚ್ಚು. 3DMarkನಲ್ಲಿಯೇ Wild Life Stress Test ಎಂಬ ಇನ್ನೊಂದು ಪರೀಕ್ಷೆ ಇದೆ. ಅದು ಒಂದು ನಿಮಿಷದ ದೃಶ್ಯವನ್ನು ಇಪ್ಪತ್ತು ಸಲ ಓಡಿಸಿ, ಅತಿ ಹೆಚ್ಚು ಅಂಕ ಮತ್ತು ಅತಿ ಕಡಿಮೆ ಅಂಕ ಎರಡನ್ನೂ ತೋರಿಸುತ್ತದೆ. 888 ಫೋನೊಂದು 5,600ರಿಂದ ಶುರು ಮಾಡಿ ಶೇ 60ರ ಸ್ಥಿರತೆ ತೋರಿಸಿತು ಎನ್ನಿ, ಕೊನೆಗೆ ಉಳಿಯುವುದು 3,360. ಸ್ಥಿರವಾಗಿ ನಿಲ್ಲುವ 865 ಫೋನ್ ಆಗಲೂ 4,000ದ ಹತ್ತಿರವೇ ಇರುತ್ತದೆ. ಒಂದು ವರ್ಷ ಹಳೆಯದಾದ ಚಿಪ್ ಹೀಗೆ ಹೊಸದನ್ನು ಹಿಂದೆ ಹಾಕಬಹುದು. 865ನ್ನೇ ಚುರುಕುಗೊಳಿಸಿ 2021ರಲ್ಲಿ ತಂದ 870 ಕೂಡ ಇದೇ ಗುಣದ್ದು. ಒನ್‌ಪ್ಲಸ್ 9ಆರ್‌ನಲ್ಲಿ ಇರುವುದು ಇದೇ.

ಹೊಸ ಫೋನಿಗೆ ಇನ್ನೂ ನಾಲ್ಕೈದು ಸಾವಿರ ಹೆಚ್ಚು ಕೊಡಬಲ್ಲವರಿಗೆ ಚಿತ್ರ ಬದಲಾಗುತ್ತದೆ. 2024ರ ಜುಲೈನಲ್ಲಿ 15,999 ರೂಪಾಯಿಗೆ ಬಂದ ಸಿಎಂಎಫ್ ಫೋನ್ 1ರಲ್ಲಿ ಡೈಮೆನ್ಸಿಟಿ 7300 ಇತ್ತು. ಇದು 4 ನ್ಯಾನೋಮೀಟರ್ ಚಿಪ್, ದೊಡ್ಡ ಕೋರ್‌ಗಳು ನಾಲ್ಕು. Wild Life ಅಂಕ 3,000ದ ಆಸುಪಾಸು. ಬಿಸಿಯೂ ಕಡಿಮೆ, ಇಪ್ಪತ್ತು ನಿಮಿಷವಾದರೂ ಅಂಕ ಹೆಚ್ಚು ಕುಸಿಯುವುದಿಲ್ಲ. ಈ ದರ್ಜೆಯ ಫೋನ್, ಬಿಸಿಯಾಗಿ ಸುಸ್ತಾದ 888ರ ಸಮಕ್ಕೆ ಬಂದು ನಿಲ್ಲುತ್ತದೆ. 865ಕ್ಕಿಂತ ಸ್ವಲ್ಪ ಹಿಂದೆ ಇದ್ದರೂ ಅಂತರ ಮೂರು ಪಟ್ಟಿನದಲ್ಲ.

ಇನ್ನು ವಯಸ್ಸಾಗುವ ಭಾಗಗಳ ಕಡೆ ಬರೋಣ. ಮೊದಲನೆಯದು ಬ್ಯಾಟರಿ. ಲಿಥಿಯಂ ಬ್ಯಾಟರಿ ಹಳೆಯದಾದಂತೆ ಅದರಲ್ಲಿ ಹಿಡಿಯುವ ಚಾರ್ಜ್ ಕಡಿಮೆಯಾಗುವುದು ಎಲ್ಲರಿಗೂ ಗೊತ್ತು. ಗೇಮ್‌ಗೆ ಹೆಚ್ಚು ಹೊಡೆತ ಕೊಡುವುದು ಅದರ ಒಳಗಿನ ರೋಧ ಏರುವುದು. ಚಿಪ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದಾಗ ಹಳೆಯ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಬ್ಯಾಟರಿ ತಾನೂ ಬಿಸಿಯಾಗುತ್ತದೆ. ಚಿಪ್‌ನ ಬಿಸಿಗೆ ಬ್ಯಾಟರಿಯ ಬಿಸಿ ಸೇರಿದರೆ ಥ್ರಾಟ್ಲಿಂಗ್ ಬೇಗ ಶುರು. ಇದೇ ಕಾರಣಕ್ಕೆ, ಫೋನ್ ಇದ್ದಕ್ಕಿದ್ದಂತೆ ಆಫ್ ಆಗದಿರಲೆಂದು ಹಳೆಯ ಬ್ಯಾಟರಿಯ ಐಫೋನ್‌ಗಳ ವೇಗ ತಗ್ಗಿಸುತ್ತಿರುವುದಾಗಿ ಆ್ಯಪಲ್ ಕಂಪನಿ 2017ರಲ್ಲಿ ಒಪ್ಪಿಕೊಂಡಿತ್ತು. ನಿಮ್ಮ ಫೋನ್‌ನಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ. ಗೇಮ್ ನಡುವೆ ಚಾರ್ಜ್ ಶೇ 30ರಿಂದ ಸರ್ರನೆ ಶೇ 15ಕ್ಕೆ ಇಳಿಯುವುದು, ಶೇ 20 ಇದ್ದಾಗಲೇ ಫೋನ್ ಆಫ್ ಆಗುವುದು, ಹಿಂಬದಿಯ ಗಾಜು ಅಂಚಿನಲ್ಲಿ ಸ್ವಲ್ಪ ಎದ್ದಿರುವುದು. ಕೊನೆಯದು ಕಂಡರೆ ಬ್ಯಾಟರಿ ಉಬ್ಬಿದೆ ಎಂದೇ ಅರ್ಥ. ಆ ಫೋನನ್ನು ಚಾರ್ಜ್‌ಗೂ ಹಾಕಬೇಡಿ.

ಬ್ಯಾಟರಿ ಚೆನ್ನಾಗಿದ್ದರೂ ಬಾಳಿಕೆಯಲ್ಲಿ ಹೊಸದೇ ಮುಂದೆ. 8ಟಿ ಬ್ಯಾಟರಿ ಹೊಸದಿದ್ದಾಗ 4,500 ಎಂಎಎಚ್. ಐದು ವರ್ಷದಲ್ಲಿ ಶೇ 80 ಉಳಿದಿದೆ ಎಂದುಕೊಂಡರೂ 3,600. ಈಗಿನ ಬಜೆಟ್ ಫೋನುಗಳಲ್ಲಿ 5,000 ಸಾಮಾನ್ಯ, ಅವುಗಳ ಚಿಪ್ ಎಳೆಯುವ ವಿದ್ಯುತ್ತೂ ಕಡಿಮೆ. ಹಳೆಯದನ್ನು ಚಾರ್ಜರ್‌ಗೆ ಸಿಕ್ಕಿಸಿಕೊಂಡೇ ಆಡುತ್ತೇನೆ ಎಂದರೆ ಚಾರ್ಜಿಂಗ್‌ನ ಬಿಸಿಯೂ ಸೇರಿಕೊಂಡು ಫ್ರೇಮ್ ಇನ್ನಷ್ಟು ಬೀಳುತ್ತದೆ.

ಎರಡನೆಯದು ಸಾಫ್ಟ್‌ವೇರ್. ಆಂಡ್ರಾಯ್ಡ್ 11ರೊಂದಿಗೆ ಬಂದ 8ಟಿಗೆ ಆಂಡ್ರಾಯ್ಡ್ 14ರವರೆಗೆ ಅಪ್‌ಡೇಟ್ ಸಿಕ್ಕಿತು, ಅಲ್ಲಿಗೆ ಮುಗಿಯಿತು. ಜಿಪಿಯು ನಡೆಸುವ ಡ್ರೈವರ್ ಸಾಮಾನ್ಯವಾಗಿ ಈ ಅಪ್‌ಡೇಟ್‌ಗಳ ಜೊತೆಗೇ ಬರುತ್ತದೆ. ಅಪ್‌ಡೇಟ್ ನಿಂತರೆ ಹೊಸ ಗೇಮ್‌ನಲ್ಲಿ ಬಣ್ಣ ಕೆಡುವುದು, ನೆರಳು ಮಿನುಗುವುದು ಮುಂತಾದ ದೋಷಗಳು ಸರಿಯಾಗದೇ ಉಳಿಯಬಹುದು. ಸೆಕ್ಯುರಿಟಿ ಅಪ್‌ಡೇಟ್ ನಿಂತ ಫೋನಿನಲ್ಲಿ ಯುಪಿಐ, ಬ್ಯಾಂಕ್ ಆ್ಯಪ್ ಇಡದಿರುವುದು ಕ್ಷೇಮ. ಗೇಮ್‌ಗೂ ಹಣಕ್ಕೂ ಇರುವುದು ಒಂದೇ ಫೋನ್ ಎಂದಾದರೆ, ಈ ಒಂದು ಕಾರಣವೇ ಹೊಸದರ ಪರವಾಗಿ ನಿಲ್ಲುತ್ತದೆ.

ಹಾಗಾದರೆ ತೀರ್ಮಾನ ಹೀಗೆ. ಮನೆಯಲ್ಲಿರುವುದು 865 ಅಥವಾ 870 ಚಿಪ್‌ನ ಫೋನ್ ಆಗಿದ್ದು, ಪರದೆ ಸರಿಯಿದ್ದರೆ, ಮೊದಲು Stress Test ಓಡಿಸಿ ನೋಡಿ. ಅಂಕ ಕೊನೆಯವರೆಗೂ ನಿಂತರೆ ಹತ್ತು ಹನ್ನೆರಡು ಸಾವಿರದ ಯಾವ ಹೊಸ ಫೋನೂ ಗೇಮ್‌ನಲ್ಲಿ ಅದಕ್ಕೆ ಸಾಟಿಯಾಗುವುದು ಕಷ್ಟ. ಅಂಕ ಕುಸಿದರೆ, ಅಥವಾ ಮೇಲೆ ಹೇಳಿದ ಲಕ್ಷಣ ಕಂಡರೆ, ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿ. ಇಟ್ಟ ಹಣದಲ್ಲಿ ಒಂದು ಭಾಗ ಅಲ್ಲಿ ಖರ್ಚು ಮಾಡುವುದೇ ಲಾಭ. 888 ಫೋನ್ ಆಗಿದ್ದರೆ ಮೊದಲ ನಿಮಿಷದ ಅಂಕ ನಂಬಬೇಡಿ, ಕೊನೆಯ ಅಂಕ ನೋಡಿ. ಅದು 3,000ಕ್ಕಿಂತ ಕೆಳಗಿದ್ದು, ಕೈಯಲ್ಲಿ ಹದಿನಾರು ಸಾವಿರ ಇದ್ದರೆ ಡೈಮೆನ್ಸಿಟಿ 7300 ದರ್ಜೆಯ ಹೊಸ ಫೋನ್ ತೆಗೆದುಕೊಳ್ಳಿ. ಇನ್ನು, ಮನೆಯಲ್ಲಿ ಇಲ್ಲದ ಹಳೆಯ ಫೋನನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದಾದರೆ, ಇಪ್ಪತ್ತು ನಿಮಿಷದ ಪರೀಕ್ಷೆಗೆ ಮಾರುವವರು ಒಪ್ಪದಿದ್ದರೆ ಆ ಫೋನ್ ಬೇಡ. ಹಿಂದೆ ಅದು ಎಷ್ಟು ಬೆಲೆಯದಾಗಿತ್ತು ಎಂಬುದರಿಂದ ಅದರ ಬ್ಯಾಟರಿಯ ಇಂದಿನ ಸ್ಥಿತಿ ತಿಳಿಯುವುದಿಲ್ಲ.