ಪೆಟ್ಟಿಗೆಯಲ್ಲಿ ಸಿಕ್ಕ ಎಲೆಕ್ಟ್ರಾನು ಹೇಳುವ ಬಣ್ಣ

ಮೂರು ಪುಟ್ಟ ಸೀಸೆ. ಮೂರರಲ್ಲೂ ಮೆಥನಾಲ್, ಅದರಲ್ಲಿ ಚಿಟಿಕೆಗಿಂತಲೂ ಕಡಿಮೆ ಬಣ್ಣದ ಪುಡಿ. ಮೊದಲನೆಯದು ಕೆಂಪು, ಎರಡನೆಯದು ಅಚ್ಚ ನೀಲಿ, ಮೂರನೆಯದು ಹಸಿರಿಗೆ ತಿರುಗಿದ ನೀಲಿ. ಭೌತ ರಸಾಯನದ ಪ್ರಯೋಗಾಲಯಕ್ಕೆ ಬರುವ ಎಂಎಸ್ಸಿ ವಿದ್ಯಾರ್ಥಿಗಳ ಮುಂದೆ ಇವನ್ನಿಟ್ಟು, ಈ ಬಣ್ಣಗಳನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿ ಎನ್ನುತ್ತಾರೆ. ಕ್ವಾಂಟಂ ಪಾಠದ ಮೊದಲ ವಾರದಲ್ಲೇ ಬರುವ, ಎಲ್ಲರೂ ಆಟಿಕೆಯೆಂದು ಬಗೆಯುವ ‘ಪೆಟ್ಟಿಗೆಯೊಳಗಿನ ಕಣ’ ಇಲ್ಲಿ ನಿಜವಾದ ಕೆಲಸಕ್ಕೆ ಇಳಿಯುತ್ತದೆ.

ಇವು ಸಯನೈನ್ ಕುಟುಂಬದ ಬಣ್ಣಗಳು. ಕಪ್ಪು ಬಿಳುಪು ಫೋಟೋ ಫಲಕಗಳಿಗೆ ಕೆಂಪು ಬೆಳಕನ್ನೂ ಕಾಣುವ ಕಣ್ಣು ಕೊಟ್ಟವು ಇವೇ. ಅಣುವಿನ ಎರಡು ತುದಿಯಲ್ಲಿ ಒಂದೊಂದು ನೈಟ್ರೋಜನ್, ನಡುವೆ ಕಾರ್ಬನ್ನುಗಳ ಸರಪಳಿ. ಸರಪಳಿಯಲ್ಲಿ ಒಂದು ಬಿಟ್ಟು ಒಂದರಂತೆ ಜೋಡಿ ಬಂಧಗಳು. ಇಂಥ ಕಡೆ ಪೈ ಎಲೆಕ್ಟ್ರಾನುಗಳು ಯಾವುದೋ ಒಂದು ಪರಮಾಣುವಿಗೆ ಕಟ್ಟುಬೀಳದೆ ಸರಪಳಿಯುದ್ದಕ್ಕೂ ಓಡಾಡಿಕೊಂಡಿರುತ್ತವೆ. ಹಾಗಿದ್ದರೆ ಸರಪಳಿಯನ್ನೇ ಒಂದು ಪೆಟ್ಟಿಗೆಯೆಂದುಕೊಳ್ಳೋಣ ಎಂದು ಹ್ಯಾನ್ಸ್ ಕೂನ್ ಎಂಬ ಸ್ವಿಸ್ ರಸಾಯನವಿಜ್ಞಾನಿ 1940ರ ದಶಕದ ಕೊನೆಯಲ್ಲಿ ಲೆಕ್ಕ ಹಾಕಿದರು. ಪೆಟ್ಟಿಗೆಯೊಳಗೆ ನೆಲ ಸಮತಟ್ಟು. ಎರಡು ಕೊನೆಗೂ ದಾಟಲಾಗದ ಗೋಡೆ.

ತಂಬೂರಿಯ ತಂತಿ ಎರಡು ಕೊನೆಯಲ್ಲೂ ಬಿಗಿದಿರುವುದರಿಂದ ಅದಕ್ಕೆ ಇಷ್ಟೇ ಸ್ವರ ಎಂಬ ಕಟ್ಟುಪಾಡಿದೆ. ಪೆಟ್ಟಿಗೆಯ ಎಲೆಕ್ಟ್ರಾನಿಗೂ ಹಾಗೆಯೇ: ಅದರ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. n ಎಂಬ ಮೆಟ್ಟಿಲಿನ ಶಕ್ತಿ n² ಪಟ್ಟು. ಒಂದು ಮೆಟ್ಟಿಲಲ್ಲಿ ಎರಡೇ ಎಲೆಕ್ಟ್ರಾನಿಗೆ ಜಾಗ. ತುಂಬಿದ ಮೆಟ್ಟಿಲುಗಳಲ್ಲಿ ಮೇಲಿನದರಿಂದ ಖಾಲಿ ಇರುವ ಮುಂದಿನ ಮೆಟ್ಟಿಲಿಗೆ ಹಾರಲು ಎಷ್ಟು ಶಕ್ತಿ ಬೇಕೋ ಅಷ್ಟೇ ಶಕ್ತಿಯ ಬೆಳಕನ್ನು ಅಣು ಹೀರುತ್ತದೆ. ಹೀರದೆ ಬಿಟ್ಟ ಬೆಳಕು ನಮ್ಮ ಕಣ್ಣಿಗೆ ಬಣ್ಣ.

ನೀಲಿ ಸೀಸೆಯನ್ನೇ ತೆಗೆದುಕೊಳ್ಳೋಣ. ಇದರ ಹಳೆಯ ಹೆಸರು ಪಿನಸಯನಾಲ್. ಎರಡು ನೈಟ್ರೋಜನ್ನುಗಳ ನಡುವಿನ ದಾರಿಯಲ್ಲಿ 5 ಕಾರ್ಬನ್. ಪ್ರತಿ ಕಾರ್ಬನ್ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಒಂದು ನೈಟ್ರೋಜನ್ ಎರಡು ಕೊಡುತ್ತದೆ, ಧನ ವಿದ್ಯುದಂಶ ಹೊತ್ತ ಇನ್ನೊಂದು ಒಂದನ್ನೇ ಕೊಡುತ್ತದೆ. ಒಟ್ಟು 8. ನಾನು ನೋಡಿದ ವರದಿಗಳಲ್ಲಿ ಅರ್ಧದಷ್ಟು ತಪ್ಪು ಈ ಎಣಿಕೆಯಲ್ಲೇ. ಧನ ವಿದ್ಯುದಂಶವನ್ನು ಮರೆತು 9 ಎಂದು ಬರೆದುಬಿಡುತ್ತಾರೆ. ಬೆಸ ಸಂಖ್ಯೆ ಬಂತೆಂದರೆ ಎಣಿಕೆ ತಪ್ಪಿದೆ ಎಂದೇ ಅರ್ಥ.

ಎಂಟು ಎಲೆಕ್ಟ್ರಾನು ನಾಲ್ಕು ಮೆಟ್ಟಿಲು ತುಂಬುತ್ತವೆ. ನಾಲ್ಕರಿಂದ ಐದಕ್ಕೆ ಹಾರಬೇಕು: 25ರಲ್ಲಿ 16 ಕಳೆದರೆ 9. ಎಲೆಕ್ಟ್ರಾನಿನ ಸಂಖ್ಯೆಗೆ ಒಂದು ಕೂಡಿದರೂ ಅದೇ 9. ಇನ್ನು ಪೆಟ್ಟಿಗೆಯ ಉದ್ದ. ನೈಟ್ರೋಜನ್‌ನಿಂದ ನೈಟ್ರೋಜನ್‌ವರೆಗೆ 6 ಬಂಧ. ಎಲೆಕ್ಟ್ರಾನು ತುದಿಯ ಪರಮಾಣುವಿನಲ್ಲೇ ಥಟ್ಟನೆ ನಿಲ್ಲುವುದಿಲ್ಲವಾದ್ದರಿಂದ ಆಚೆಗೊಂದು ಈಚೆಗೊಂದು ಬಂಧ ಸೇರಿಸುವುದು ಕೂನ್ ಅವರ ವಾಡಿಕೆ. 8 ಬಂಧ, ಒಂದೊಂದೂ 0.139 ನ್ಯಾನೋಮೀಟರ್. ಉದ್ದ 1.112. ಎಲ್ಲ ಸ್ಥಿರಾಂಕಗಳನ್ನೂ ಒಂದೇ ಸಂಖ್ಯೆಗೆ ಇಳಿಸಿದರೆ, ಉದ್ದವೂ ತರಂಗಾಂತರವೂ ನ್ಯಾನೋಮೀಟರಿನಲ್ಲಿ ಇರುವಾಗ, ಸೂತ್ರ ಇಷ್ಟೇ:

λ = 3297 L² / (N + 1)

ಉತ್ತರ 453 ನ್ಯಾನೋಮೀಟರ್. ಸ್ಪೆಕ್ಟ್ರೋಫೋಟೋಮೀಟರ್ ತೋರಿಸುವುದು 605.

ಇಲ್ಲಿ ವಿದ್ಯಾರ್ಥಿ ಗಾಬರಿಯಾಗುತ್ತಾನೆ. 453ರಲ್ಲಿ ಹೀರುವ ದ್ರಾವಣ ಹಳದಿಯಾಗಿ ಕಾಣಬೇಕಿತ್ತು, ಸೀಸೆಯಲ್ಲಿರುವುದು ನೀಲಿ. ಕೆಂಪು ಸೀಸೆಯ ಗತಿ ಇನ್ನೂ ಕೆಟ್ಟದ್ದು. 3 ಕಾರ್ಬನ್ನಿನ ಆ ಅಣುವಿಗೆ ಬರುವ ಉತ್ತರ 328, ಅಂದರೆ ಕಣ್ಣಿಗೆ ಬಣ್ಣವೇ ಕಾಣಬಾರದು. ಅಳತೆಯಲ್ಲಿ ಬರುವುದು 523. ಮೂರನೆಯದಕ್ಕೆ ಲೆಕ್ಕ 579, ಅಳತೆ ಸುಮಾರು 708.

ಮಾದರಿಯನ್ನು ಬಿಸಾಡುವ ಮುಂಚೆ ಅಣುವಿನ ಕೊನೆಗಳನ್ನು ನೋಡಬೇಕು. ಅಲ್ಲಿರುವುದು ಗೋಡೆಯಲ್ಲ, ಕ್ವಿನೊಲಿನ್ ಉಂಗುರಗಳು. ಎಲೆಕ್ಟ್ರಾನು ಆ ಉಂಗುರಗಳೊಳಗೂ ಸ್ವಲ್ಪ ಹರಡಿಕೊಳ್ಳುತ್ತದೆ, ಪೆಟ್ಟಿಗೆ ನಾವು ಎಣಿಸಿದ್ದಕ್ಕಿಂತ ಉದ್ದ. ಎಷ್ಟು ಉದ್ದ ಎಂಬುದನ್ನು α ಎಂಬ ಅಕ್ಷರಕ್ಕೆ ಬಿಟ್ಟುಕೊಡುತ್ತಾರೆ. ಪಿನಸಯನಾಲಿನ 605ರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಪೆಟ್ಟಿಗೆ 9.25 ಬಂಧದಷ್ಟು ಉದ್ದ ಇರಬೇಕು. α ಆಯಿತು 1.25.

ನನಗೆ ತಕರಾರಿರುವುದು ಇಲ್ಲಿಂದ ಮುಂದಿನದರ ಬಗ್ಗೆ. ಪ್ರತಿ ಬಣ್ಣಕ್ಕೂ ಬೇರೆ ಬೇರೆ α ಹಾಕಿ, ಮೂರಕ್ಕೂ ಸೊನ್ನೆ ದೋಷ ತೋರಿಸಿ, ಮಾದರಿ ಸರಿಯಾಗಿದೆ ಎಂದು ಬರೆಯುವ ವರದಿಗಳಿವೆ. ಅದು ಉತ್ತರ ನೋಡಿಕೊಂಡು ಲೆಕ್ಕ ಬರೆದ ಹಾಗೆ. ಒಂದು ಬಣ್ಣದಿಂದ α ಪಡೆದು ಉಳಿದೆರಡಕ್ಕೆ ಅದನ್ನೇ ಹಾಕಿದಾಗ ಮಾತ್ರ ಮಾದರಿ ಏನಾದರೂ ನುಡಿದಂತೆ. 1.25 ಹಾಕಿ ನೋಡಿ: ಕೆಂಪಿಗೆ 478, ಮೂರನೆಯದಕ್ಕೆ 733. ಒಂದು 45 ಕಡಿಮೆ, ಇನ್ನೊಂದು 25 ಹೆಚ್ಚು. ಯಂತ್ರದ ದೋಷ ಒಂದೆರಡು ನ್ಯಾನೋಮೀಟರ್ ದಾಟುವುದಿಲ್ಲ, ಆದ್ದರಿಂದ ಈ ತಪ್ಪು ಅಳತೆಯದ್ದಲ್ಲ, ಮಾದರಿಯದ್ದೇ. ಸರಪಳಿ ಗಿಡ್ಡವಾದಷ್ಟೂ ಉಂಗುರಗಳ ಪಾಲು ದೊಡ್ಡದು, ಹಾಗಾಗಿ ಒಂದೇ α ಎಲ್ಲಕ್ಕೂ ಹೊಂದದು. ಇಷ್ಟನ್ನು ಬರೆದ ವರದಿಗೆ ನಾನಂತೂ ಧಾರಾಳವಾಗಿ ಅಂಕ ಕೊಡುತ್ತೇನೆ.

ಅದೃಷ್ಟವೂ ಮೋಸ ಮಾಡುತ್ತದೆ. ಕ್ರಿಪ್ಟೋಸಯನೈನ್ ಎಂಬ ಹತ್ತಿರದ ನೆಂಟನಿದೆ, ನಡುವೆ 9 ಕಾರ್ಬನ್. α ಸೊನ್ನೆ ಇಟ್ಟರೂ ಲೆಕ್ಕ 706 ಕೊಡುತ್ತದೆ, ಅಳತೆಯೂ ಅಲ್ಲೇ. ಈ ಒಂದನ್ನೇ ಮಾಡಿದವರು ಮಾದರಿಗೆ ಕೈಮುಗಿಯುತ್ತಾರೆ, ಪಿನಸಯನಾಲ್ ಒಂದನ್ನೇ ಮಾಡಿದವರು ಬೈಯುತ್ತಾರೆ.

ಅಳತೆಯ ಬಗ್ಗೆ ಒಂದು ಮಾತು. ಈ ಅಣುಗಳು ಚಪ್ಪಟೆ. ನೀರಿನಲ್ಲಿ, ಅಥವಾ ದ್ರಾವಣ ಗಾಢವಾದರೆ, ಒಂದರ ಮೇಲೊಂದು ಪೇರಿಸಿಕೊಂಡು ಹೀರಿಕೆಯ ಶಿಖರವನ್ನೇ ಜರುಗಿಸುತ್ತವೆ. ಅದಕ್ಕೇ ಮೆಥನಾಲ್. ದ್ರಾವಣವನ್ನು ಅರ್ಧಕ್ಕೆ ತೆಳು ಮಾಡಿ ಮತ್ತೆ ಅಳೆಯಿರಿ. ಎತ್ತರ ಅರ್ಧವಾಗಿ ಆಕಾರ ಹಾಗೇ ಉಳಿದರೆ ಅಣುಗಳು ಒಂಟಿಯಾಗಿವೆ. ಶಿಖರದ ಎಡಕ್ಕೆ ಕಾಣುವ ಭುಜ ಅಣುವಿನ ಕಂಪನದ್ದು, ಅದನ್ನು ಎರಡನೆಯ ಶಿಖರವೆಂದು ಬರೆಯಬೇಡಿ.

ಇಷ್ಟಾದರೂ ಸಮತಟ್ಟಾದ ನೆಲ ಎಂಬ ಊಹೆ ಹೇಗೆ ನಡೆಯಿತು? ಸಯನೈನಿನಲ್ಲಿ ಧನ ವಿದ್ಯುದಂಶ ಎಡದ ನೈಟ್ರೋಜನ್ನಿಗೂ ಬಲದ ನೈಟ್ರೋಜನ್ನಿಗೂ ಸಮಪಾಲು. ಅದರಿಂದ ಜೋಡಿ ಬಂಧ, ಒಂಟಿ ಬಂಧ ಎಂಬ ಭೇದ ಅಳಿದು ಎಲ್ಲ ಬಂಧಗಳೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬರುತ್ತವೆ. ಗಜ್ಜರಿಯ ಬೀಟಾ ಕ್ಯಾರೋಟಿನ್‌ನಲ್ಲಿ ಹೀಗಾಗುವುದಿಲ್ಲ. ಅಲ್ಲಿ 11 ಜೋಡಿ ಬಂಧಗಳು ಗಿಡ್ಡವಾಗಿಯೇ, ಒಂಟಿ ಬಂಧಗಳು ಉದ್ದವಾಗಿಯೇ ಉಳಿಯುತ್ತವೆ. ನೆಲ ಏರುತಗ್ಗು. 22 ಎಲೆಕ್ಟ್ರಾನು, 21 ಬಂಧಕ್ಕೆ ಒಂದೊಂದೂ ಸರಾಸರಿ 0.14ರಂತೆ 2.94 ನ್ಯಾನೋಮೀಟರ್ ಉದ್ದ ಹಾಕಿದರೆ ಸೂತ್ರ ಕೊಡುವುದು ಸುಮಾರು 1240, ಅಂದರೆ ಅವಕೆಂಪು. ಆ ಲೆಕ್ಕದಂತೆ ಗಜ್ಜರಿಗೆ ಬಣ್ಣವೇ ಇರಬಾರದು. ನಿಜದಲ್ಲಿ ಅದು 450ರ ಆಸುಪಾಸಿನ ನೀಲಿಯನ್ನು ಹೀರಿ ಕಿತ್ತಳೆಯಾಗಿ ಕಾಣುತ್ತದೆ. ಏರುತಗ್ಗಿನ ನೆಲಕ್ಕಾಗಿ ಕೂನ್ ಸೂತ್ರಕ್ಕೆ ಇನ್ನೊಂದು ಪದ ಸೇರಿಸಬೇಕಾಯಿತು. ಗಜ್ಜರಿಗೆ ಅದರ ಬೆಲೆ ಎರಡು ಎಲೆಕ್ಟ್ರಾನ್ ವೋಲ್ಟ್‌ಗೆ ಹತ್ತಿರ.

ವರದಿ ಬರೆಯುವವರು α ಎಷ್ಟೆಂದು ಬರೆದ ಕೂಡಲೇ, ಅದನ್ನು ಯಾವ ಸೀಸೆಯಿಂದ ಪಡೆದಿರಿ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರಿ.