ಬರೆದ ಕಾಮೆಂಟ್ ಎಲ್ಲಿ ಹೋಯಿತು?

ಅಡಿಕೆಗೆ ಕೊಳೆರೋಗ ತಗಲದಂತೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮಲೆನಾಡು, ಕರಾವಳಿಯ ತೋಟಗಳಲ್ಲಿ ಪ್ರತಿ ಮಳೆಗಾಲದ ಕೆಲಸ. ಶೇಕಡಾ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಬೇಕು. ಇದನ್ನು ವಿವರಿಸುವ ಯೂಟ್ಯೂಬ್ ವಿಡಿಯೊ ಒಂದರಲ್ಲಿ ಮಾತಿನ ಭರದಲ್ಲಿ 200 ಲೀಟರ್ ಎಂದು ಹೇಳಿಬಿಟ್ಟಿದ್ದಾರೆ ಎಂದುಕೊಳ್ಳಿ. ಅದನ್ನು ನೋಡಿದ ಬೆಳೆಗಾರರೊಬ್ಬರು ಸರಿಯಾದ ಅಳತೆ ಬರೆದು, ಕೃಷಿ ವಿಶ್ವವಿದ್ಯಾಲಯದ ಪುಟದ ಲಿಂಕನ್ನೂ ಸೇರಿಸಿ ಕಾಮೆಂಟ್ ಹಾಕುತ್ತಾರೆ. ಅವರ ಫೋನಿನಲ್ಲಿ ಅದು ಸರಿಯಾಗಿಯೇ ಕಾಣುತ್ತಿದೆ. ಪಕ್ಕದ ತೋಟದವರ ಫೋನಿನಲ್ಲಿ ಮಾತ್ರ ಅದರ ಸುಳಿವೇ ಇಲ್ಲ.

ಇಂಥ ಕಡೆ ಹೆಚ್ಚಿನವರು ವಿಡಿಯೊ ಮಾಡಿದವರೇ ಅಳಿಸಿಹಾಕಿದರು ಎಂದು ತೀರ್ಮಾನಿಸುತ್ತಾರೆ. ಅದೇ ನಿಜವಾಗಿರಬೇಕೆಂದಿಲ್ಲ. ಅಳಿಸುವುದಕ್ಕಿಂತ ಮೊದಲೇ ಕಾಮೆಂಟನ್ನು ತಡೆದು ನಿಲ್ಲಿಸುವ ಹಲವು ಬಾಗಿಲುಗಳು ಯೂಟ್ಯೂಬ್‌ನಲ್ಲಿವೆ. ಯಾವ ಬಾಗಿಲು ಮುಚ್ಚಿದೆ ಎಂಬುದನ್ನು ಹೊರಗಿನಿಂದಲೇ ಬಹುಮಟ್ಟಿಗೆ ಪತ್ತೆಹಚ್ಚಬಹುದು.

ಎಲ್ಲಕ್ಕಿಂತ ಸುಲಭವಾಗಿ ಗೊತ್ತಾಗುವುದು ಕಾಮೆಂಟ್ ಪೂರ್ತಿ ಬಂದ್ ಆಗಿರುವ ವಿಡಿಯೊ. ಅದರ ಕೆಳಗೆ "Comments are turned off" ಎಂಬ ಸಾಲು ಇರುತ್ತದೆ. ಆದರೆ ಅದನ್ನು ಬಂದ್ ಮಾಡಿದ್ದು ಚಾನೆಲ್‌ನವರೇ ಎಂದು ಇಷ್ಟರಿಂದಲೇ ಹೇಳಲಾಗದು. ಮಕ್ಕಳ ಖಾಸಗಿ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ ಗೂಗಲ್ 2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ರಾಜ್ಯದೊಂದಿಗೆ ರಾಜಿಯಾಗಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅದರ ಫಲವಾಗಿ 2020ರ ಜನವರಿಯಿಂದ, ಮಕ್ಕಳಿಗಾಗಿ ಮಾಡಿದ್ದೆಂದು ಗುರುತಿಸಿದ ಯಾವ ವಿಡಿಯೊಗೂ ಕಾಮೆಂಟ್ ಇಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಜನ ನೋಡಿದ 'ಬೇಬಿ ಶಾರ್ಕ್ ಡಾನ್ಸ್' ಹಾಡಿನ ಕೆಳಗೆ ಒಂದು ಸಾಲನ್ನೂ ಬರೆಯಲಾಗದಿರುವುದು ಇದೇ ಕಾರಣಕ್ಕೆ. ಹಾಗೆ ಗುರುತಿಸಿದ ಕನ್ನಡದ ಶಿಶುಗೀತೆಗಳಿಗೂ ಇದೇ ನಿಯಮ. ಅಲ್ಲಿ ಕಾಮೆಂಟ್ ತೆರೆಯಿರಿ ಎಂದು ಚಾನೆಲ್‌ನವರನ್ನು ಕೇಳಿ ಪ್ರಯೋಜನವಿಲ್ಲ, ಅದು ಅವರ ಕೈಯಲ್ಲಿಲ್ಲ.

ಕೆಲವೊಮ್ಮೆ ತಡೆ ನೋಡುವವರ ಕಡೆಯಲ್ಲೇ ಇರುತ್ತದೆ. ಫೋನಿನಲ್ಲೋ ಕಂಪ್ಯೂಟರಿನಲ್ಲೋ Restricted Mode ಚಾಲೂ ಇದ್ದರೆ ಯಾವ ವಿಡಿಯೊದ ಕಾಮೆಂಟುಗಳೂ ಕಾಣುವುದಿಲ್ಲ. ಶಾಲೆ, ಗ್ರಂಥಾಲಯ, ಕಚೇರಿಗಳ ವೈಫೈಗೆ ಅಲ್ಲಿನವರು ಇದನ್ನು ಕಡ್ಡಾಯ ಮಾಡಿರುವುದೂ ಉಂಟು. ಒಂದೇ ವಿಡಿಯೊಗೆ ಕಾಮೆಂಟ್ ಇಲ್ಲವೋ ಎಲ್ಲ ವಿಡಿಯೊಗಳಿಗೂ ಇಲ್ಲವೋ ಎಂದು ಮೊದಲು ನೋಡಬೇಕು. ಎಲ್ಲದಕ್ಕೂ ಇಲ್ಲವೆಂದಾದರೆ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡುವುದು, ಖಾತೆಯ ಸೆಟ್ಟಿಂಗ್ಸ್ ಪರಿಶೀಲಿಸುವುದು ಮುಂದಿನ ಹೆಜ್ಜೆ.

ಹಳೆಯ ಕಾಮೆಂಟುಗಳು ಓದಲು ಸಿಗುತ್ತವೆ, ಹೊಸದನ್ನು ಬರೆಯಲು ಮಾತ್ರ ಆಗುವುದಿಲ್ಲ ಎಂದಾದರೆ ಅದು ಬಂದ್ ಅಲ್ಲ, ತಾತ್ಕಾಲಿಕ ನಿಲುಗಡೆ. ಚಾನೆಲ್‌ನವರ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆ Pause ಎಂಬ ಪ್ರತ್ಯೇಕ ಆಯ್ಕೆಯೇ ಇದೆ.

ಅಡಿಕೆ ಬೆಳೆಗಾರರ ಸಮಸ್ಯೆ ಇವು ಯಾವುವೂ ಅಲ್ಲ. ಅವರಿಗೆ ಬರೆಯಲು ಜಾಗ ಸಿಕ್ಕಿದೆ, ಬರೆದದ್ದು ಹೋಗಿದೆ, ಆದರೆ ಬೇರೆಯವರಿಗೆ ತಲುಪಿಲ್ಲ. ಇಲ್ಲಿಂದ ಮುಂದೆ ವಿಷಯ ಸ್ವಲ್ಪ ಸೂಕ್ಷ್ಮ. ಪರಿಶೀಲನೆಗೆಂದು ತಡೆಹಿಡಿದ ಕಾಮೆಂಟಿನ ಬಗ್ಗೆ ಬರೆದವರಿಗೆ ಯೂಟ್ಯೂಬ್ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಅವರ ಸ್ವಂತ ಖಾತೆಯಲ್ಲಿ ಅದು ಪ್ರಕಟವಾದಂತೆಯೇ ಕಾಣುತ್ತಿರಬಹುದು. ಹಾಗಾಗಿ ತಮ್ಮದೇ ಫೋನಿನಲ್ಲಿ ಎಷ್ಟು ಸಲ ನೋಡಿದರೂ ಸತ್ಯ ತಿಳಿಯದು. ಒಂದು ಸಾಲಿನ ಸೂಚನೆ ಕೊಟ್ಟಿದ್ದರೆ ಎಷ್ಟೋ ಜನರ ಮನಸ್ತಾಪ ತಪ್ಪುತ್ತಿತ್ತು. ಕಂಪನಿ ಇಲ್ಲಿ ನೋಡುಗರಿಗೆ ನ್ಯಾಯ ಮಾಡಿಲ್ಲ.

ಪರೀಕ್ಷೆ ಮಾಡುವುದು ಹೀಗೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಲಾಗಿನ್ ಆಗಿ, ತಮ್ಮ ಕಾಮೆಂಟಿನ ಹೆಸರಿನ ಪಕ್ಕ ಇರುವ '2 ಗಂಟೆಗಳ ಹಿಂದೆ' ಎಂಬಂಥ ಸಮಯದ ಮೇಲೆ ಒತ್ತಬೇಕು. ಆಗ ವಿಡಿಯೊದ ವಿಳಾಸದ ತುದಿಗೆ `&lc=` ಎಂದು ಶುರುವಾಗುವ ಭಾಗವೊಂದು ಸೇರಿಕೊಳ್ಳುತ್ತದೆ. ಅದು ಆ ಒಂದೇ ಕಾಮೆಂಟಿನ ಗುರುತು. ಆ ವಿಳಾಸವನ್ನು ಪೂರ್ತಿ ಕಾಪಿ ಮಾಡಿ, ಲಾಗಿನ್ ಆಗದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ಕೆಳಗೆ ಸರಿಸಬೇಕು. ಕಾಮೆಂಟ್ ಸಾರ್ವಜನಿಕವಾಗಿದ್ದರೆ ಅದೇ ಎಲ್ಲಕ್ಕಿಂತ ಮೇಲೆ "Highlighted comment" ಎಂಬ ಗುರುತಿನೊಂದಿಗೆ ಬರುತ್ತದೆ. ಬರದಿದ್ದರೆ ಬೇರೆ ಯಾರಿಗೂ ಕಾಣುತ್ತಿಲ್ಲ ಎಂದರ್ಥ. ಕಂಪ್ಯೂಟರ್ ಇಲ್ಲದವರು ಇನ್ನೊಬ್ಬರ ಫೋನಿನಲ್ಲಿ ಕಾಮೆಂಟುಗಳನ್ನು "Newest" ಕ್ರಮಕ್ಕೆ ಬದಲಿಸಿ ಹುಡುಕಬಹುದು. ಈ ಬದಲಾವಣೆ ಮರೆಯಬಾರದು. "Top" ಕ್ರಮದಲ್ಲಿ ಲೈಕ್ ಇಲ್ಲದ ಹೊಸ ಕಾಮೆಂಟ್ ನೂರಾರರ ಅಡಿಯಲ್ಲಿ ಹೂತುಹೋಗಿರುತ್ತದೆ, ತಡೆಹಿಡಿದಿದ್ದಾರೆ ಎಂಬ ಸುಳ್ಳು ಅನುಮಾನ ಹುಟ್ಟುತ್ತದೆ.

ತಡೆದದ್ದು ಖಚಿತವಾದ ಮೇಲೆ ಕಾರಣ ಹುಡುಕಬೇಕು. ಅದೇ "Newest" ಪಟ್ಟಿಯಲ್ಲಿ ಬೇರೆಯವರ ಕಾಮೆಂಟುಗಳ ಸಮಯ ಗಮನಿಸಿದರೆ ಅರ್ಧ ಉತ್ತರ ಸಿಗುತ್ತದೆ. ಚೆನ್ನಾಗಿ ಓಡುತ್ತಿರುವ ವಿಡಿಯೊಗೆ ಎರಡು ದಿನದಿಂದ ಯಾರ ಕಾಮೆಂಟೂ ಬಂದಿಲ್ಲವೆಂದರೆ, ಚಾನೆಲ್‌ನವರು ಪ್ರತಿಯೊಂದನ್ನೂ ಓದಿಯೇ ಬಿಡುವ ವ್ಯವಸ್ಥೆ ಇಟ್ಟುಕೊಂಡಿರಬಹುದು. ಬೇರೆಯವರದು ನಿಮಿಷಕ್ಕೊಂದು ಬರುತ್ತಿದ್ದರೆ ದೋಷ ಈ ಒಂದು ಕಾಮೆಂಟಿನಲ್ಲಿ ಇರಬೇಕು, ಇಲ್ಲವೇ ಬರೆದವರ ಖಾತೆಗೆ ಸಂಬಂಧಿಸಿದ್ದಿರಬೇಕು.

ಬೆಳೆಗಾರರ ವಿಷಯದಲ್ಲಿ ಮೊದಲ ಅನುಮಾನ ಹೋಗಬೇಕಾದದ್ದು ಲಿಂಕಿನ ಮೇಲೆ. ಲಿಂಕ್ ಇರುವ ಕಾಮೆಂಟುಗಳನ್ನೆಲ್ಲ ತಡೆಹಿಡಿಯುವ ಸೌಲಭ್ಯ ಚಾನೆಲ್‌ನವರಿಗಿದೆ. ಮೋಸದ ಜಾಹೀರಾತುಗಳ ಕಾಟಕ್ಕೆ ಅದನ್ನು ಹಾಕಿಕೊಂಡವರನ್ನು ತಪ್ಪು ಎನ್ನಲಾಗದು. ಆ ಜರಡಿಗೆ ವಿಶ್ವವಿದ್ಯಾಲಯದ ಲಿಂಕೂ ಲಾಟರಿ ಲಿಂಕೂ ಒಂದೇ. ಹ್ಯಾಶ್‌ಟ್ಯಾಗ್ ಇದ್ದರೂ ಅದೇ ಗತಿ. ಇದಲ್ಲದೆ ಚಾನೆಲ್‌ನವರು ತಾವೇ ಬರೆದಿಟ್ಟ ನಿಷಿದ್ಧ ಪದಗಳ ಪಟ್ಟಿಯೂ ಇರಬಹುದು, ಅದು ಹೊರಗಿನವರಿಗೆ ಕಾಣುವುದಿಲ್ಲ.

ಆದ್ದರಿಂದ ಲಿಂಕ್ ತೆಗೆದು, "ಶೇಕಡಾ 1ರ ಬೋರ್ಡೋಗೆ ನೀರು 100 ಲೀಟರ್, 200 ಅಲ್ಲ" ಎಂದಷ್ಟೇ ಹೊಸದಾಗಿ ಒಂದು ಸಲ ಬರೆದು ಮತ್ತೆ ಇನ್‌ಕಾಗ್ನಿಟೊದಲ್ಲಿ ನೋಡಬೇಕು. ಕಾಣಿಸಿದರೆ ತಡೆದದ್ದು ಲಿಂಕೇ. ಅದೂ ಕಾಣದಿದ್ದರೆ ಪಕ್ಕದ ತೋಟದವರು ತಮ್ಮ ಖಾತೆಯಿಂದ ಅಂಥದೇ ಸರಳ ಮಾತೊಂದನ್ನು ಬರೆದು ನೋಡಲಿ. ಅವರದು ಕಂಡು ಇವರದು ಕಾಣದಿದ್ದರೆ, ಚಾನೆಲ್‌ನವರು ಇವರನ್ನು ಮರೆಮಾಡಿದ ಬಳಕೆದಾರರ ಪಟ್ಟಿಗೆ ಸೇರಿಸಿರುವ ಸಾಧ್ಯತೆ ಇದೆ. ಅದನ್ನೂ ಯೂಟ್ಯೂಬ್ ತಿಳಿಸುವುದಿಲ್ಲ. ಆಗ ಬೇರೊಂದು ಚಾನೆಲ್‌ನಲ್ಲಿ ಸರಳ ಕಾಮೆಂಟ್ ಹಾಕಿ ಪರೀಕ್ಷಿಸಬೇಕು. ಅಲ್ಲಿ ಕಂಡರೆ ಅಡ್ಡಿ ಆ ಒಂದೇ ಚಾನೆಲ್‌ನದು, ಎಲ್ಲೂ ಕಾಣದಿದ್ದರೆ ಯೂಟ್ಯೂಬಿನ ಸ್ಪ್ಯಾಮ್ ಜರಡಿ ಆ ಖಾತೆಯನ್ನೇ ಅನುಮಾನಿಸುತ್ತಿದೆ ಎನ್ನಬಹುದು. ಸಿಟ್ಟಿನಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಅಂಟಿಸುವುದರಿಂದ ಈ ಅನುಮಾನ ಬಲವಾಗುತ್ತದೆಯೇ ಹೊರತು ಕಾಮೆಂಟ್ ಹೊರಬರುವುದಿಲ್ಲ.

ಒಂದು ಮಿತಿಯಂತೂ ಉಳಿಯುತ್ತದೆ. ತಡೆದು ಇಟ್ಟದ್ದೋ ಚಾನೆಲ್‌ನವರು ಓದಿ ಅಳಿಸಿದ್ದೋ ಎಂಬುದನ್ನು ಹೊರಗಿನಿಂದ ಖಚಿತವಾಗಿ ಹೇಳಲು ದಾರಿಯಿಲ್ಲ. ಅದು ತಿಳಿದಿರುವುದು ಚಾನೆಲ್‌ನವರಿಗೆ ಮಾತ್ರ. ತಡೆಹಿಡಿದವು ಯೂಟ್ಯೂಬ್ ಸ್ಟುಡಿಯೊದ "Held for review" ವಿಭಾಗದಲ್ಲಿ ಹೆಚ್ಚೆಂದರೆ 60 ದಿನ ಇರುತ್ತವೆ. ಆಮೇಲೆ ಒಪ್ಪಿಗೆ ಕೊಡೋಣವೆಂದರೂ ಅವು ಸಿಗವು. ಚಾನೆಲ್‌ನ ವಿವರದಲ್ಲಿ ಇಮೇಲ್ ವಿಳಾಸವಿದ್ದರೆ, ಆ ಅವಧಿಯೊಳಗೆ ವಿಡಿಯೊದ ಹೆಸರು, ತಪ್ಪು ಅಳತೆ ಬರುವ ನಿಮಿಷ, ಸರಿಯಾದ ಲಿಂಕ್ ಮೂರನ್ನೂ ಬರೆದು ತಿಳಿಸಬಹುದು. ಮಾತು ಸರಿ ಎನ್ನಿಸಿದರೆ ಅವರು ಆ ಕಾಮೆಂಟನ್ನು ಬಿಡುಗಡೆ ಮಾಡಿ ಎಲ್ಲಕ್ಕಿಂತ ಮೇಲೆ ಪಿನ್ ಮಾಡಬಹುದು. ಬೆಳೆಗಾರರ ಹೆಸರನ್ನು ಒಪ್ಪಿತ ಬಳಕೆದಾರರ ಪಟ್ಟಿಗೆ ಸೇರಿಸಿದರಂತೂ ಮುಂದಿನ ಸಲ ಅವರು ಲಿಂಕ್ ಹಾಕಿದರೂ ಚಾನೆಲ್‌ನ ಜರಡಿ ತಡೆಯುವುದಿಲ್ಲ.